ಖೋಜಾ ಹೆಣ್ಣುಮಕ್ಕಳ 1847ರ ದಾವೆ: ವೈಯಕ್ತಿಕ ಕಾನೂನಿನ ಇತಿಹಾಸವನ್ನು ಎಲ್ಲಿಂದ ಬರೆಯಬೇಕು?

ಸಮಾನ ನಾಗರಿಕ ಸಂಹಿತೆಯ ಚರ್ಚೆ ಜೋರಾದಾಗಲೆಲ್ಲ ಲಾ ಕಾಲೇಜುಗಳಲ್ಲಿ ಒಂದೇ ಬಗೆಯ ಪ್ರಬಂಧ ಕೊಡುತ್ತಾರೆ. ಮದುವೆ, ವಾರಸುದಾರಿಕೆಗೆ ಸಮುದಾಯಕ್ಕೊಂದರಂತೆ ಇರುವ ವೈಯಕ್ತಿಕ ಕಾನೂನು, ಧರ್ಮ, ಕುಟುಂಬದ ವ್ಯಾಜ್ಯ, ಇವುಗಳ ಇತಿಹಾಸ ಬರೆಯಿರಿ ಅಂತ. ಮುಂಬೈನಲ್ಲಿ ಓದುತ್ತಿರುವ ನಮ್ಮ ಕನ್ನಡ ಮನೆಗಳ ಮಕ್ಕಳು ಆಗಾಗ ತಮ್ಮ ಕರಡು ತಂದು ತೋರಿಸುತ್ತಾರೆ. ಮೊದಲ ಪುಟ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಹಿಂದೂಗಳಿಗೆ ಶಾಸ್ತ್ರ ಇತ್ತು, ಮುಸ್ಲಿಮರಿಗೆ ಕುರಾನ್ ಇತ್ತು, ಬ್ರಿಟಿಷರು ಬಂದು ಎರಡನ್ನೂ ಹಾಗೇ ಉಳಿಸಿದರು, ಸ್ವತಂತ್ರ ಭಾರತ ಅದನ್ನು ಮುಂದುವರಿಸಿತು. ಓದಲು ಸಲೀಸು. ಆದರೆ ಮುಂಬೈ ಕೋರ್ಟಿನ ಹಳೆಯ ವರದಿಗಳನ್ನು ತೆಗೆದು ನೋಡಿದರೆ ಈ ಕಥೆ ಒಂದೇ ಮೊಕದ್ದಮೆಯ ಮುಂದೆಯೂ ನಿಲ್ಲುವುದಿಲ್ಲ.

ಆ ಮೊಕದ್ದಮೆ 1847ರದು. ಖೋಜಾ ಮತ್ತು ಮೇಮನ್ ಪ್ರಕರಣ ಎಂದೇ ಅದಕ್ಕೆ ಹೆಸರು. ಈ ವಿಷಯದ ಮೇಲೆ ಬರೆಯುವವರು ಬೇರೆ ಹತ್ತು ಪ್ರಕರಣ ಬಿಟ್ಟು ಇದೊಂದನ್ನೇ ಹಿಡಿದರೂ ಒಳ್ಳೆಯ ಪ್ರಬಂಧ ಆಗುತ್ತದೆ ಎಂಬುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಖೋಜಾಗಳು ಮತ್ತು ಕಚ್ಛೀ ಮೇಮನ್ನರು ಕಚ್ಛ್, ಕಾಠಿಯಾವಾಡ, ಸಿಂಧ್ ಕಡೆಯಿಂದ ಬಂದ ವ್ಯಾಪಾರಿ ಸಮುದಾಯಗಳು. ಇಬ್ಬರ ಪರಂಪರೆಯೂ ತಮ್ಮ ಹಿರಿಯರು ಲೋಹಾಣಾ ಹಿಂದೂಗಳಾಗಿದ್ದರು, ನೂರಾರು ವರ್ಷಗಳ ಹಿಂದೆ ಇಸ್ಲಾಂಗೆ ಬಂದರು ಎಂದು ಹೇಳುತ್ತದೆ. ಮೇಮನ್ನರು ಸುನ್ನಿಗಳು. ಖೋಜಾಗಳು ಪೀರ್ ಸದ್ರುದ್ದೀನ್ ಅವರ ಕೈಯಲ್ಲಿ ಮತಾಂತರಗೊಂಡವರು. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಮುಂಬೈ ಬೆಳೆಯುತ್ತಿದ್ದ ಹಾಗೆ ಈ ಎರಡೂ ಸಮುದಾಯಗಳ ಕೈಗೆ ಹಣ ಬಂತು. ಹಣ ಬಂದ ಮನೆಯಲ್ಲಿ ಪಾಲಿನ ಜಗಳವೂ ಬರುತ್ತದೆ, ಅಲ್ವಾ?

ತಂದೆ ತೀರಿಕೊಂಡ ಮೇಲೆ ಹೆಣ್ಣುಮಕ್ಕಳು ಮುಂಬೈನ ಸುಪ್ರೀಂ ಕೋರ್ಟಿಗೆ ಹೋದರು. ಇದು ದೆಹಲಿಯ ಸುಪ್ರೀಂ ಕೋರ್ಟ್ ಅಲ್ಲ. 1823ರ ರಾಜಸನ್ನದಿನಿಂದ ಮುಂಬೈ ದ್ವೀಪಕ್ಕಾಗಿ ಹುಟ್ಟಿದ ಕೋರ್ಟು. ಈಗಿನ ಹೈಕೋರ್ಟಿನ ಕಲ್ಲಿನ ಕಟ್ಟಡ 1878ರದು, ಆಗ ಅದಿನ್ನೂ ಇರಲಿಲ್ಲ. ಖೋಜಾ ಕುಟುಂಬದ ಮುಖ್ಯ ದಾವೆ ಹೀರ್‌ಬಾಯಿ ಎಂಬಾಕೆ ಸೋನಾಬಾಯಿ ಮೇಲೆ ಹೂಡಿದ್ದು. ಅದರ ಜೊತೆಗೇ ಒಂದು ಮೇಮನ್ ಕುಟುಂಬದ ದಾವೆಯೂ ವಿಚಾರಣೆಗೆ ಬಂತು. ಹೆಣ್ಣುಮಕ್ಕಳ ಬೇಡಿಕೆ ನೇರವಾಗಿತ್ತು. ನಾವು ಮುಸ್ಲಿಮರು, ಕುರಾನ್ ಹೆಣ್ಣುಮಗಳಿಗೆ ಪಾಲು ಕೊಟ್ಟಿದೆ, ನಮ್ಮ ಪಾಲು ಕೊಡಿ. ಎದುರಿನವರ ಉತ್ತರವೂ ಅಷ್ಟೇ ನೇರ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಆಸ್ತಿ ಕೊಡುವ ರೂಢಿ ಇಲ್ಲ, ಮದುವೆಯ ತನಕ ಸಾಕುತ್ತೇವೆ, ಮದುವೆಯ ಖರ್ಚು ಕೊಡುತ್ತೇವೆ, ಅಷ್ಟೇ.

ಎರಡರ ನಡುವಿನ ಅಂತರ ತಿಳಿಯಲು ಒಂದು ಲೆಕ್ಕ ಹಾಕಿ ನೋಡಿ. ಇದು ಆ ಮೊಕದ್ದಮೆಯ ಲೆಕ್ಕ ಅಲ್ಲ, ಉದಾಹರಣೆಗೆ ನಾನೇ ಹಾಕಿದ್ದು. ಒಬ್ಬ ವ್ಯಾಪಾರಿ 24,000 ರೂಪಾಯಿ ಬಿಟ್ಟು ತೀರಿಕೊಂಡ ಅಂದುಕೊಳ್ಳಿ. ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಕುರಾನಿನ ನಿಯಮದಂತೆ ಹೆಂಡತಿಗೆ ಎಂಟನೇ ಒಂದು ಭಾಗ, ಅಂದರೆ 3,000. ಉಳಿದ 21,000ದಲ್ಲಿ ಮಗನಿಗೆ ಎರಡು ಪಾಲು, ಪ್ರತಿ ಮಗಳಿಗೆ ಒಂದೊಂದು ಪಾಲು. ಮಗನಿಗೆ 10,500, ಹೆಣ್ಣುಮಕ್ಕಳಿಗೆ ತಲಾ 5,250. ಸಮಪಾಲು ಖಂಡಿತ ಅಲ್ಲ. ಆದರೆ ಅದು ಅವರದೇ ಹಕ್ಕು, ಯಾರ ಮರ್ಜಿಯೂ ಬೇಕಿಲ್ಲ. ಖೋಜಾ ರೂಢಿಯ ಪ್ರಕಾರ ಆದರೆ 24,000ವೂ ಮಗನ ಕೈಗೆ ಹೋಗುತ್ತದೆ. ಹೆಣ್ಣುಮಕ್ಕಳಿಗೆ ಸಿಗುವುದು ಊಟ, ಬಟ್ಟೆ ಮತ್ತು ಮದುವೆ. ಅಂದರೆ ಈ ಹೆಣ್ಣುಮಕ್ಕಳು ಧರ್ಮಗ್ರಂಥವನ್ನು ತಮ್ಮ ಪರವಾದ ಕಾನೂನು ಎಂದು ಹಿಡಿದು ಬಂದಿದ್ದರು, ಸಮುದಾಯದ ಬಹುಪಾಲು ಜನ ಅದರ ವಿರುದ್ಧ ನಿಂತಿದ್ದರು.

ತೀರ್ಪು ಕೊಟ್ಟವರು ಮುಖ್ಯ ನ್ಯಾಯಾಧೀಶ ಸರ್ ಅರ್ಸ್ಕಿನ್ ಪೆರ್ರಿ. ಅವರ ಮುಂದಿದ್ದ ಪ್ರಶ್ನೆ ಸನ್ನದಿನ ಒಂದು ಕಲಮಿನದು. ವಾರಸುದಾರಿಕೆಯ ವಿಷಯದಲ್ಲಿ ಮುಸ್ಲಿಮರಿಗೆ ಅವರ ಕಾನೂನು ಮತ್ತು ರೂಢಿ, ಹಿಂದೂಗಳಿಗೆ ಅವರ ಕಾನೂನು ಮತ್ತು ರೂಢಿ ಅನ್ವಯಿಸಬೇಕು ಎಂದು ಅದು ಹೇಳುತ್ತಿತ್ತು. ಹಾಗಾದರೆ ಮುಸ್ಲಿಮರಾದ ಮಾತ್ರಕ್ಕೆ ಕುರಾನ್ ಕಡ್ಡಾಯವೇ? ಪೆರ್ರಿ ಇಲ್ಲ ಎಂದರು. ಆ ಕಲಮು ಬಂದಿದ್ದು ಆಳ್ವಿಕೆಯ ಅನುಕೂಲಕ್ಕೆ, ಜನ ತಮ್ಮ ತಮ್ಮ ಪದ್ಧತಿಯಲ್ಲೇ ನೆಮ್ಮದಿಯಾಗಿ ಇರಲಿ ಎಂದು. ಜನರ ನಡವಳಿಕೆಯಲ್ಲಿ ಕುರಾನ್ ಎಷ್ಟರ ಮಟ್ಟಿಗೆ ಸೇರಿಕೊಂಡಿದೆಯೋ ಅಷ್ಟು ಮಾತ್ರ ಅದು ಕಾನೂನು. ಮುಸ್ಲಿಮರೊಳಗಿನ ಒಂದು ಗುಂಪಿಗೆ ಬೇರೆ ರೂಢಿ ಇದ್ದರೆ, ಅದು ರೂಢಿಯಾಗಿ ಸಾಬೀತಾದರೆ, ಕಟ್ಟಾ ಸುನ್ನಿಗೆ ಸಿಗುವ ರಕ್ಷಣೆಯೇ ಅವರಿಗೂ ಸಿಗಬೇಕು. ಸಾಕ್ಷಿಗಳನ್ನು ಕೇಳಿ ರೂಢಿ ಸಾಬೀತಾಗಿದೆ ಎಂದು ಅವರು ಒಪ್ಪಿದರು. ಹೆಣ್ಣುಮಕ್ಕಳ ದಾವೆ ವಜಾ ಆಯಿತು. ಕೋರ್ಟಿನ ಖರ್ಚೂ ಅವರ ತಲೆಗೆ ಬಂತು. ನೂರಾರು ವರ್ಷ ನಡೆದುಬಂದ ಕ್ರಮವನ್ನು ಕದಡಲು ಹೋಗಿ ಸೋತದ್ದಕ್ಕೆ ಇದು ಬೆಲೆ ಎಂಬ ಅರ್ಥದ ಮಾತನ್ನೂ ತೀರ್ಪಿನ ಕೊನೆಗೆ ಸೇರಿಸಿದರು. ಆ ಸಾಲು ಓದುವಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಈಗ ಪ್ರಬಂಧದ ಕೆಲಸ ಶುರು. ಮೊದಲು ಗಮನಿಸಬೇಕಾದದ್ದು, ಇಲ್ಲಿ ಸಮುದಾಯದ ಕಾನೂನು ಯಾವುದು ಎಂಬುದು ಗ್ರಂಥದಿಂದ ಎತ್ತಿಕೊಂಡ ಉತ್ತರ ಆಗಿರಲಿಲ್ಲ. ಅದು ಸಾಕ್ಷ್ಯದ ಪ್ರಶ್ನೆ ಆಗಿತ್ತು. ಇಂಗ್ಲಿಷ್ ಕಾನೂನಿನ ಅಳತೆಗೋಲಿನಿಂದ ರೂಢಿಯನ್ನು ಅಳೆದರು. ಹಳೆಯದಾಗಿರಬೇಕು, ನಿಶ್ಚಿತವಾಗಿರಬೇಕು, ಎಡೆಬಿಡದೆ ನಡೆದುಬಂದಿರಬೇಕು, ಸಮಂಜಸವಾಗಿರಬೇಕು. ಈ ನಾಲ್ಕನ್ನು ಯಾರ ಬಾಯಿಂದ ಕೇಳಿ ತೀರ್ಮಾನಿಸಿದರು ಎಂಬುದು ಎಲ್ಲಕ್ಕಿಂತ ಮುಖ್ಯ. ಸಾಕ್ಷಿ ಹೇಳಿದವರು ಯಾರು? ಅವರಿಗೆ ಈ ಆಸ್ತಿಯಲ್ಲಿ, ಇಂಥದೇ ಬೇರೆ ಆಸ್ತಿಗಳಲ್ಲಿ ಏನು ಹಿತ ಇತ್ತು? ರೂಢಿಯ ಪರ ಮಾತಾಡುವ ಅಧಿಕಾರ ಜಮಾತಿನ, ಅಂದರೆ ಸಮುದಾಯದ ಕೂಟದ, ಹಿರಿಯರಿಗೆ ಸಿಕ್ಕಾಗ ಮನೆಯೊಳಗಿನ ವಿರೋಧ ಕಾಣದೆ ಹೋಗುತ್ತದೆ. ಆದರೆ ವಿರೋಧ ಇತ್ತು ಎನ್ನುವುದಕ್ಕೆ ಆ ದಾವೆಯೇ ಸಾಕ್ಷಿ, ಅಲ್ವಾ? ಹೆಣ್ಣುಮಕ್ಕಳು ಕೋರ್ಟಿನ ತನಕ ಬಂದಿದ್ದರು.

ಇನ್ನೊಂದು ಎಚ್ಚರ ಬೇಕು. ನಮಗೆ ಸಿಗುವ ವರದಿ ಪೆರ್ರಿ ಅವರೇ 1853ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ತೀರ್ಪುಗಳ ಸಂಗ್ರಹದ್ದು. ತೀರ್ಪು ಕೊಟ್ಟವರೇ ವರದಿ ಮಾಡಿದವರೂ ಹೌದು. ಖೋಜಾಗಳಿಗೆ ಕುರಾನ್ ಗೊತ್ತಿದ್ದದ್ದು ಕಡಿಮೆ ಎಂದು ಅದರಲ್ಲಿ ಬರುತ್ತದೆ. ಅದು ಒಬ್ಬ ಇಂಗ್ಲಿಷ್ ನ್ಯಾಯಾಧೀಶರ ಕಣ್ಣಿಗೆ ಕಂಡದ್ದು. ಅದನ್ನು ಸಮುದಾಯದ ಬಗ್ಗೆ ನಿಜಸಂಗತಿ ಎಂದು ಪ್ರಬಂಧಕ್ಕೆ ಇಳಿಸಿಕೊಂಡರೆ ಅಲ್ಲೇ ದಾರಿ ತಪ್ಪಿತು. ನ್ಯಾಯಾಧೀಶರಿಗೆ ಆ ಚಿತ್ರ ಯಾಕೆ ಬೇಕಾಗಿತ್ತು ಎಂದು ಕೇಳಬೇಕು. ಅರ್ಧ ಹಿಂದೂ, ಅರ್ಧ ಮುಸ್ಲಿಂ ಎಂಬ ಚಿತ್ರ ಇದ್ದಾಗ ಕುರಾನಿನ ನಿಯಮವನ್ನು ಪಕ್ಕಕ್ಕಿಡುವುದು ಸುಲಭ.

ಇಲ್ಲಿ ಆಗಾ ಖಾನರ ವಿಷಯ ಬರುತ್ತದೆ. ಇಸ್ಮಾಯಿಲಿ ಶಿಯಾಗಳ ಇಮಾಮರು, ಅಂದರೆ ಧರ್ಮಗುರು, ಆಗಿದ್ದ ಮೊದಲನೇ ಆಗಾ ಖಾನ್ ಪರ್ಷಿಯಾದಿಂದ ಬಂದು 1840ರ ದಶಕದಲ್ಲಿ ಮುಂಬೈ ತಲುಪಿದ್ದರು. ಈ ದಾವೆಯಲ್ಲಿ ಅವರು ಕುರಾನಿನ ನಿಯಮದ ಪರ, ಅಂದರೆ ಹೆಣ್ಣುಮಕ್ಕಳ ವಾದದ ಪರ ಇದ್ದರು ಎಂದು 1866ರ ಇನ್ನೊಂದು ತೀರ್ಪು ಹೇಳುತ್ತದೆ. ರೂಢಿಯ ಪರ ನಿಂತದ್ದು ಸಮುದಾಯದ ಬಹುಸಂಖ್ಯಾತರು. ಅಂದಮೇಲೆ ಪಾಲಿನ ಜಗಳದ ಹಿಂದೆ ಇನ್ನೊಂದು ಜಗಳ ಇತ್ತು. ಈ ಸಮುದಾಯದ ಪರ ಮಾತಾಡುವವರು ಯಾರು, ಜಮಾತಿನ ಆಸ್ತಿ ಯಾರ ಕೈಯಲ್ಲಿ ಇರಬೇಕು? ಆ ಜಗಳ 1866ರಲ್ಲಿ ಮುಂಬೈ ಹೈಕೋರ್ಟಿನ ನ್ಯಾಯಾಧೀಶ ಸರ್ ಜೋಸೆಫ್ ಆರ್ನೌಲ್ಡ್ ಅವರ ಮುಂದೆ ಬಂತು. ಖೋಜಾಗಳು ಸುನ್ನಿಗಳೋ ಶಿಯಾಗಳೋ ಎಂಬುದನ್ನು ಕೋರ್ಟು ತೀರ್ಮಾನಿಸಬೇಕಾಯಿತು. ಅವರು ಶಿಯಾ ಇಮಾಮಿ ಇಸ್ಮಾಯಿಲಿಗಳು, ಆಗಾ ಖಾನರೇ ಅವರ ಇಮಾಮರು ಎಂದು ತೀರ್ಪಾಯಿತು. ಕೋರ್ಟಿಗೆ ಬರುವ ಮುಂಚೆ ಹಲವು ಬಗೆಯ ಆಚರಣೆ ಒಟ್ಟಿಗೆ ನಡೆಯುತ್ತಿದ್ದ ಜನರಿಗೆ ಕೋರ್ಟಿನಿಂದ ಹೊರಬರುವಾಗ ಒಂದೇ ಗುರುತು ಬಂದಿತ್ತು. ಕುಟುಂಬದ ವ್ಯಾಜ್ಯಗಳೂ ಜಮಾತಿನ ವ್ಯಾಜ್ಯಗಳೂ ಸೇರಿ ಧಾರ್ಮಿಕ ಸಮುದಾಯದ ಗೆರೆಯನ್ನು ಹೇಗೆ ಎಳೆದವು ಎನ್ನುವುದನ್ನು ತೋರಿಸಲು ಈ ಎರಡು ತೀರ್ಪುಗಳನ್ನು ಒಟ್ಟಿಗೆ ಓದಿದರೆ ಸಾಕು.

1847ರ ತೀರ್ಪಿನ ಮುಂದಿನ ಬದುಕು ಇನ್ನೂ ಕುತೂಹಲದ್ದು. ಪೆರ್ರಿ ಹೇಳಿದ್ದು ಇಷ್ಟೇ: ಈ ಸಮುದಾಯದಲ್ಲಿ ಈ ಒಂದು ರೂಢಿ ಇದೆ, ಅದು ಸಾಬೀತಾಗಿದೆ. ಆ ರೂಢಿ ಹಿಂದೂ ಪದ್ಧತಿಯನ್ನು ಹೋಲುತ್ತಿತ್ತು, ನಿಜ. ಆದರೆ 1870ರ ದಶಕದ ಹೊತ್ತಿಗೆ ಮುಂಬೈ ಹೈಕೋರ್ಟು ಒಂದು ಹೆಜ್ಜೆ ಮುಂದೆ ಹೋಗಿತ್ತು. ಬೇರೆ ರೂಢಿ ಸಾಬೀತಾಗದಿದ್ದರೆ ಖೋಜಾಗಳ ವಾರಸುದಾರಿಕೆಗೆ ಹಿಂದೂ ಕಾನೂನೇ ಅನ್ವಯ ಎಂದು ಅದು ಹೇಳತೊಡಗಿತು. ಎರಡಕ್ಕೂ ಏನು ವ್ಯತ್ಯಾಸ ಅನ್ನಿಸಬಹುದು. ವ್ಯತ್ಯಾಸ ಸಾಬೀತಿನ ಹೊರೆಯದ್ದು. ಮೊದಲು ರೂಢಿ ಇದೆ ಎನ್ನುವವರು ಅದನ್ನು ಸಾಬೀತು ಮಾಡಬೇಕಿತ್ತು. ಆಮೇಲೆ ಹಿಂದೂ ಕಾನೂನು ಬೇಡ ಎನ್ನುವವರ ಮೇಲೆ ಹೊರೆ ಬಿತ್ತು. ಒಂದು ಕುಟುಂಬದ ವ್ಯಾಜ್ಯದಲ್ಲಿ ಸಾಕ್ಷಿಗಳು ಹೇಳಿದ ಮಾತು ಮೂವತ್ತು ವರ್ಷಗಳೊಳಗೆ ಇಡೀ ಸಮುದಾಯದ ಮೇಲೆ ಹೇರಿದ ಪೂರ್ವಗ್ರಹಿಕೆ ಆಯಿತು. ಈ ಜಾರುವಿಕೆಗೂ ಒಂದು ಮಿತಿ ಇತ್ತು. ತಂದೆ ಬದುಕಿರುವಾಗಲೇ ಮಗ ಪಾಲು ಕೇಳಬಹುದೇ ಎಂಬ ಅಹಮದ್‌ಭಾಯಿ ಹಬೀಬ್‌ಭಾಯಿ ಕುಟುಂಬದ ವ್ಯಾಜ್ಯದಲ್ಲಿ 1889ರಲ್ಲಿ ಮೇಲ್ಮನವಿ ಪೀಠ, ಅಂಥ ಹಕ್ಕು ಖೋಜಾಗಳಲ್ಲಿ ಸಾಬೀತಾಗಿಲ್ಲ ಎಂದಿತು. ಒಳ್ಳೆಯ ಪ್ರಬಂಧಕ್ಕೆ ಇದೇ ತಿರುಳು. ಪ್ರತಿ ತೀರ್ಪಿನಲ್ಲೂ ಸಾಬೀತು ಮಾಡುವ ಹೊರೆ ಯಾರ ಮೇಲಿತ್ತು ಎಂದು ಗುರುತು ಮಾಡುತ್ತಾ ಹೋದರೆ ಇತಿಹಾಸದ ದಾರಿ ತಾನಾಗಿ ಕಾಣುತ್ತದೆ. ಧರ್ಮದ ಹೆಸರು ಗುರುತು ಮಾಡುತ್ತಾ ಹೋದರೆ ಏನೂ ಕಾಣುವುದಿಲ್ಲ.

ನಮ್ಮ ಕಡೆಯವರಿಗೆ ಇದು ಅರ್ಥವಾಗದ ವಿಷಯ ಅಲ್ಲ. ಮುಂಬೈನಲ್ಲಿ ನೆಲೆಸಿದ ಕರಾವಳಿಯ ಎಷ್ಟೋ ಮನೆಗಳ ಹಿನ್ನೆಲೆ ಅಳಿಯಸಂತಾನದ್ದು. ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು, ಬಂಟರಲ್ಲೂ ಬಿಲ್ಲವರಲ್ಲೂ, ದಕ್ಷಿಣ ಕನ್ನಡದ ಜೈನರಲ್ಲೂ. ಅದೂ ಹಿಂದೂ ಕಾನೂನೇ ಎಂದು ಮದ್ರಾಸಿನ ಕೋರ್ಟುಗಳು ಒಪ್ಪಿದ್ದವು, ಶಾಸ್ತ್ರಗ್ರಂಥಕ್ಕೂ ಅದಕ್ಕೂ ಸಂಬಂಧ ಕಡಿಮೆ. ಕುಟುಂಬದ ಪಾಲುಪಟ್ಟಿಗೆ 1949ರಲ್ಲಿ ಮದ್ರಾಸ್ ಅಳಿಯಸಂತಾನ ಕಾಯ್ದೆಯೇ ಬರಬೇಕಾಯಿತು. 1956ರ ಹಿಂದೂ ವಾರಸಾ ಕಾಯ್ದೆಯಲ್ಲೂ ಅದಕ್ಕೆ ಪ್ರತ್ಯೇಕ ನಿಯಮ ಇದೆ. ಕರಡು ತಂದಿದ್ದ ಹುಡುಗಿಯೊಬ್ಬಳಿಗೆ ಇದನ್ನು ಹೇಳಿದಾಗ ಅವಳು, ‘ಮಾಮ, ನಮ್ಮ ಅಜ್ಜಿ ಮನೆಯ ಜಾಗದ ಕೇಸು ಇದೇ ಅಲ್ವಾ? ನಾನು ಇದನ್ನ ಹಿಂದೂ ಕಾನೂನು ಅಂತ ಯೋಚನೆಯೇ ಮಾಡಿರಲಿಲ್ಲ’ ಎಂದಳು. ಅವಳ ಪ್ರಬಂಧದ ಮೊದಲ ಪುಟ ಆ ಸಂಜೆಯೇ ಬದಲಾಯಿತು. ಮುಂಬೈ ಇಲಾಖೆಯ ಒಳನಾಡಿನಲ್ಲೂ, ಅಂದರೆ ಧಾರವಾಡ, ಬೆಳಗಾವಿ ಕಡೆಯೂ, ಕ್ರಮ ಹೀಗೇ ಇತ್ತು. 1827ರ ನಾಲ್ಕನೇ ರೆಗ್ಯುಲೇಶನ್ ಪ್ರಕಾರ ಸರ್ಕಾರಿ ಕಾಯ್ದೆ ಇಲ್ಲದ ಕಡೆ ಮೊದಲು ನೋಡಬೇಕಾದದ್ದು ಆ ಸೀಮೆಯ ರೂಢಿ. ಅದು ಸಿಗದಿದ್ದರೆ ಮಾತ್ರ ಪ್ರತಿವಾದಿಯ ಕಾನೂನು. 1772ರಲ್ಲಿ ಬಂಗಾಳದಲ್ಲಿ ವಾರನ್ ಹೇಸ್ಟಿಂಗ್ಸ್ ಹಾಕಿದ ಶಾಸ್ತ್ರ ಮತ್ತು ಕುರಾನಿನ ಸೂತ್ರವನ್ನು ಇಡೀ ಭಾರತಕ್ಕೆ ಹಚ್ಚುವವರು ಈ ರೆಗ್ಯುಲೇಶನ್ ಒಮ್ಮೆ ಓದಬೇಕು.

ಹೆಣ್ಣುಮಕ್ಕಳು 1847ರಲ್ಲಿ ಕೇಳಿದ್ದು ಕೊನೆಗೆ ಸಿಕ್ಕಿತೇ? ತೊಂಬತ್ತು ವರ್ಷ ಬೇಕಾಯಿತು. 1937ರ ಶರಿಯತ್ ಕಾಯ್ದೆ, ಯಾವುದೇ ರೂಢಿ ಏನೇ ಹೇಳಲಿ, ಮುಸ್ಲಿಮರ ವಾರಸುದಾರಿಕೆಗೆ ಶರಿಯತ್ತೇ ಅನ್ವಯ ಎಂದಿತು. ರೂಢಿಯ ಕಾನೂನು ಮುಸ್ಲಿಂ ಮಹಿಳೆಯರಿಗೆ ಅನ್ಯಾಯ ಮಾಡುತ್ತಿದೆ ಎಂಬ ದೂರು ಅದರ ಮಸೂದೆಯ ಉದ್ದೇಶದ ಹೇಳಿಕೆಯಲ್ಲೇ ಇದೆ. ಕಚ್ಛೀ ಮೇಮನ್ನರಿಗೆ 1938ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ನಾನು ಮೇಲೆ ಹಾಕಿದ ಲೆಕ್ಕದಲ್ಲಿ ಹೆಣ್ಣುಮಕ್ಕಳಿಗೆ 5,250 ಸಿಗುವ ಹಾಗಾಯಿತು. ಆದರೆ ಪೂರ್ತಿ ಅಲ್ಲ. ಕೃಷಿ ಜಮೀನನ್ನು ಆ ಕಾಯ್ದೆ ಹೊರಗಿಟ್ಟಿತು, ಅದು ಪ್ರಾಂತ್ಯಗಳ ವಿಷಯವಾಗಿತ್ತು. ಉಯಿಲಿನ ವಿಷಯಕ್ಕೂ ಅದು ತಾನಾಗಿ ಅನ್ವಯಿಸುವುದಿಲ್ಲ, ವ್ಯಕ್ತಿ ಘೋಷಣೆ ಕೊಡಬೇಕು. ಸಾಮಾನ್ಯವಾಗಿ ಮುಸ್ಲಿಮರು ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಉಯಿಲು ಮಾಡುವಂತಿಲ್ಲ. ಘೋಷಣೆ ಕೊಡದ ಖೋಜಾ ತನ್ನ ಹಳೆಯ ರೂಢಿಯ ಬಲದಲ್ಲಿ ಪೂರ್ತಿ ಆಸ್ತಿಯನ್ನು ಉಯಿಲಿನಲ್ಲಿ ಯಾರಿಗಾದರೂ ಬರೆಯಬಹುದು. ಅಂದರೆ ರೂಢಿ ಮುಂಬಾಗಿಲಿನಿಂದ ಹೊರಗೆ ಹೋದರೂ ಉಯಿಲಿನ ಬಾಗಿಲಿನಲ್ಲಿ ಇನ್ನೂ ನಿಂತಿದೆ.

ಇದನ್ನು ಇವತ್ತಿನ ಚರ್ಚೆಗೆ ಜೋಡಿಸುವ ಕೊಂಡಿಯೂ ಮುಂಬೈ ಹೈಕೋರ್ಟಿನದೇ. 1951ರಲ್ಲಿ ನರಸು ಅಪ್ಪಾ ಮಾಳಿ ಪ್ರಕರಣ ಬಂತು. ಹಿಂದೂ ಗಂಡಸರ ದ್ವಿಪತ್ನಿತ್ವವನ್ನು ಅಪರಾಧ ಮಾಡಿದ 1946ರ ಮುಂಬೈ ಕಾಯ್ದೆ ಸಂವಿಧಾನಕ್ಕೆ ವಿರುದ್ಧವೇ ಎಂಬುದು ಪ್ರಶ್ನೆ. ಆಗಿನ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಮುಂಬೈ ರಾಜ್ಯದೊಳಗೇ ಇದ್ದವು. ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಮತ್ತು ನ್ಯಾಯಮೂರ್ತಿ ಗಜೇಂದ್ರಗಡಕರ್ ಕಾಯ್ದೆಯನ್ನು ಎತ್ತಿಹಿಡಿದರು. ಜೊತೆಗೆ ಇನ್ನೊಂದು ಮಾತು ಹೇಳಿದರು. ಮೂಲಭೂತ ಹಕ್ಕಿಗೆ ವಿರುದ್ಧವಾದ ಕಾನೂನು ಅಸಿಂಧು ಎನ್ನುವ ಸಂವಿಧಾನದ 13ನೇ ವಿಧಿಯಲ್ಲಿ ಹೇಳಿದ ಜಾರಿಯಲ್ಲಿರುವ ಕಾನೂನುಗಳಲ್ಲಿ ವೈಯಕ್ತಿಕ ಕಾನೂನು ಸೇರುವುದಿಲ್ಲ, ಆದ್ದರಿಂದ ಮೂಲಭೂತ ಹಕ್ಕುಗಳ ಒರೆಗೆ ಅದನ್ನು ಹಚ್ಚುವಂತಿಲ್ಲ. ರೂಢಿ ಬೇರೆ, ವೈಯಕ್ತಿಕ ಕಾನೂನು ಬೇರೆ ಎಂಬುದು ಛಾಗ್ಲಾ ಅವರ ವಾದದ ಆಧಾರ. ವೈಯಕ್ತಿಕ ಕಾನೂನಿನಿಂದ ದೂರ ಸರಿದ ಆಚರಣೆಯೇ ರೂಢಿ ಎಂದರು. ಛಾಗ್ಲಾ ಸ್ವತಃ ಮುಂಬೈನ ಖೋಜಾ ಮನೆತನದವರು.

1847ರ ತೀರ್ಪನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಈ ವಿಂಗಡಣೆ ಗಟ್ಟಿಯಾಗಿ ನಿಲ್ಲುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಖೋಜಾಗಳ ಮಟ್ಟಿಗೆ ರೂಢಿಯೇ ವೈಯಕ್ತಿಕ ಕಾನೂನಾಗಿತ್ತು. ಅದನ್ನು ಸರಿಸಿ ಶರಿಯತ್ತನ್ನು ತಂದದ್ದು ಶಾಸಕಾಂಗದ ಒಂದು ಕಾಯ್ದೆ. ಹಾಗಿದ್ದಮೇಲೆ ಅದು ರಾಜ್ಯದ ಕಾನೂನು ಅಲ್ಲ ಎನ್ನುವುದು ಹೇಗೆ? ದೆಹಲಿಯ ಸುಪ್ರೀಂ ಕೋರ್ಟಿನ 2017ರ ಶಾಯರಾ ಬಾನೊ ತೀರ್ಪಿನಲ್ಲಿ ನ್ಯಾಯಮೂರ್ತಿ ನಾರಿಮನ್ ಹಿಡಿದದ್ದು ಇದೇ ಎಳೆ. 1937ರ ಕಾಯ್ದೆ ತ್ರಿವಳಿ ತಲಾಖನ್ನು ಜಾರಿ ಮಾಡುತ್ತದೆ, ಆದ್ದರಿಂದ ಆ ಮಟ್ಟಿಗೆ ಅದನ್ನು 13ನೇ ವಿಧಿಯಡಿ ಪರೀಕ್ಷಿಸಬಹುದು ಎಂದರು. ಆದರೆ ಮೂವರ ಬಹುಮತದಲ್ಲಿ ಇದ್ದ ನ್ಯಾಯಮೂರ್ತಿ ಕುರಿಯನ್ ಜೋಸೆಫ್ ಈ ದಾರಿಯನ್ನು ಒಪ್ಪಲಿಲ್ಲ. ತ್ರಿವಳಿ ತಲಾಖ್ ಕುರಾನಿಗೇ ವಿರುದ್ಧ ಎಂಬ ಕಾರಣ ಕೊಟ್ಟರು. ಒಂದೇ ಫಲಿತಾಂಶ, ಎರಡು ದಾರಿ. ಒಂದು ದಾರಿ ಕಾಯ್ದೆಯ ಇತಿಹಾಸದ್ದು, ಇನ್ನೊಂದು ಗ್ರಂಥದ್ದು. 2018ರ ಶಬರಿಮಲೆ ತೀರ್ಪಿನಲ್ಲಿ ನ್ಯಾಯಮೂರ್ತಿ ಚಂದ್ರಚೂಡ್ ನರಸು ಪ್ರಕರಣದ ತರ್ಕವನ್ನು ನೇರವಾಗಿ ಪ್ರಶ್ನಿಸಿದ್ದಾರೆ. ಅದು ಅವರೊಬ್ಬರ ಅಭಿಪ್ರಾಯ, ಪೀಠದ ಬಹುಮತದ ಮಾತಲ್ಲ. ಇದನ್ನು ಗಮನಿಸದೆ ನರಸು ಪ್ರಕರಣ ಬಿದ್ದುಹೋಯಿತು ಎಂದು ಬರೆದ ಪ್ರಬಂಧಗಳನ್ನು ನಾನು ಜಾಸ್ತಿಯೇ ನೋಡಿದ್ದೇನೆ.

ಬರೆಯಲು ಕೂತವರಿಗೆ ಒಂದು ಸಲಹೆ. ಪ್ರಶ್ನೆಯನ್ನು ಚಿಕ್ಕದು ಮಾಡಿ. ‘ವೈಯಕ್ತಿಕ ಕಾನೂನು ಮತ್ತು ಧರ್ಮ’ ಎಂಬುದು ಪ್ರಶ್ನೆಯೇ ಅಲ್ಲ. ‘1847ರಿಂದ 1937ರವರೆಗೆ ಖೋಜಾ ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ ಸಾಬೀತಿನ ಹೊರೆ ಹೇಗೆ ಕೈ ಬದಲಾಯಿಸಿತು’ ಎಂಬುದು ಪ್ರಶ್ನೆ. ತೀರ್ಪು ಓದುವಾಗ ಫಲಿತಾಂಶಕ್ಕೆ ಹಾರಬೇಡಿ. ಯಾರು ಏನು ಕೇಳಿದರು, ಎದುರಿನವರು ಯಾವ ಆಧಾರ ಹಿಡಿದರು, ಕೋರ್ಟಿಗೆ ಆ ಅಧಿಕಾರ ಯಾವ ಕಲಮಿನಿಂದ ಬಂತು ಎಂಬುದನ್ನು ಮೊದಲು ಬರೆದುಕೊಳ್ಳಿ. ಮುಂದಿನ ತೀರ್ಪುಗಳು ಹಿಂದಿನದನ್ನು ಉದ್ಧರಿಸುವಾಗ ಏನನ್ನು ಬಿಟ್ಟವು ಎಂದು ಹೋಲಿಸಿ. ಒಂದು ಪರೀಕ್ಷೆ ಇದೆ. ನಿಮ್ಮ ಪ್ರಬಂಧದಲ್ಲಿ ‘ಮುಸ್ಲಿಂ ಕಾನೂನು ಹೇಳುತ್ತದೆ’, ‘ಹಿಂದೂ ಕಾನೂನು ಹೇಳುತ್ತದೆ’ ಎಂಬ ವಾಕ್ಯಗಳನ್ನು ಹುಡುಕಿ. ಪ್ರತಿಯೊಂದರ ಪಕ್ಕ ಯಾವ ವರ್ಷ, ಯಾವ ಕೋರ್ಟು, ಯಾರ ವಾದ ಎಂದು ಬರೆಯಲು ಬರದಿದ್ದರೆ ಆ ವಾಕ್ಯ ಇತಿಹಾಸ ಹೇಳುತ್ತಿಲ್ಲ.

ಉತ್ತರಾಖಂಡದ 2024ರ ಸಂಹಿತೆಯನ್ನೂ ಇದೇ ಕಣ್ಣಿನಿಂದ ಓದಬೇಕು. ಅದು ಪರಿಶಿಷ್ಟ ಪಂಗಡಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹತ್ತಿರದ ಸಂಬಂಧದೊಳಗಿನ ಮದುವೆಯನ್ನು ನಿಷೇಧಿಸಿದರೂ, ರೂಢಿ ಒಪ್ಪುವ ಕಡೆ ವಿನಾಯಿತಿ ಇದೆ, ಆ ರೂಢಿ ಸಾರ್ವಜನಿಕ ನೀತಿಗೆ ವಿರುದ್ಧ ಇರಬಾರದು ಅಷ್ಟೇ. ಅಂದರೆ ಎಲ್ಲರಿಗೂ ಒಂದೇ ಎಂದು ಹೊರಟ ಕಾಯ್ದೆಯೊಳಗೂ ರೂಢಿಯ ಪ್ರಶ್ನೆ ಉಳಿದಿದೆ. ನಾಳೆ ಅಲ್ಲಿನ ಯಾವುದೋ ಕುಟುಂಬ ಕೋರ್ಟಿಗೆ ಹೋದಾಗ ನಮ್ಮಲ್ಲಿ ಇಂಥ ರೂಢಿ ಇದೆ ಎಂದು ಯಾರಾದರೂ ಸಾಕ್ಷಿ ಹೇಳಲೇಬೇಕಾಗುತ್ತದೆ. ಆ ಸಾಕ್ಷಿಗಳಲ್ಲಿ ಮನೆಯ ಹೆಣ್ಣುಮಕ್ಕಳು ಇರುತ್ತಾರೆಯೇ ಎಂಬುದನ್ನು ಕಾಯ್ದೆ ಹೇಳುವುದಿಲ್ಲ.